ಉಕ್ಕಿನ ಚೌಕಟ್ಟಿನ ಮನೆ: ಗ್ಲಾಸ್ ವೂಲ್ ತುಂಬಿದರೂ ಗೋಡೆ ಬಿಸಿಯಾಗುವುದೇಕೆ?

ಹಳೆಯ ಮನೆಯ ತಾರಸಿಯ ಮೇಲೆ ಎರಡು ಕೋಣೆ ಏರಿಸಬೇಕು, ಇಲ್ಲವೇ ತೋಟದಲ್ಲೊಂದು ಪುಟ್ಟ ಮನೆ ಬೇಕು ಎಂದವರಿಗೆ ಈಗ ಲೈಟ್ ಗೇಜ್ ಸ್ಟೀಲ್ ಚೌಕಟ್ಟಿನ ಮನೆಯನ್ನು ತೋರಿಸುವವರು ಹೆಚ್ಚು. ಭಾರ ಕಡಿಮೆ, ಕೆಲಸ ಬೇಗ ಮುಗಿಯುತ್ತದೆ, ಕ್ಯೂರಿಂಗಿಗೆ ನೀರು ಹೊತ್ತು ಸಾಯಬೇಕಿಲ್ಲ. ತೊಂದರೆ ಗೊತ್ತಾಗುವುದು ಮೊದಲ ಬೇಸಿಗೆಯಲ್ಲಿ. ‘ಗೋಡೆಯ ತುಂಬ ಗ್ಲಾಸ್ ವೂಲ್ ಇದೆ, ಇಟ್ಟಿಗೆ ಗೋಡೆಗಿಂತ ತಂಪು’ ಎಂದು ಹೇಳಿಸಿಕೊಂಡು ಕಟ್ಟಿಸಿದ ಕೋಣೆಯಲ್ಲಿ ಸಂಜೆ ಐದರ ಮೇಲೆ ಕೂರುವುದು ಕಷ್ಟವಾಗುತ್ತದೆ, ಎಸಿ ನಿಲ್ಲುವುದೇ ಇಲ್ಲ. ನಿಮ್ಮದೂ ಇದೇ ಕತೆಯಾದರೆ, ಬಿಸಿಲಿಳಿಯುವ ಹೊತ್ತಿಗೆ ಪಶ್ಚಿಮದ ಗೋಡೆಯ ಒಳಮೈ ಮೇಲೆ ಅಂಗೈಯನ್ನು ಅಡ್ಡಡ್ಡವಾಗಿ ಸರಿಸಿ ನೋಡಿ. ಒಂದೂಕಾಲು ಅಡಿಗೋ ಎರಡಡಿಗೋ ಒಂದರಂತೆ ಬಿಸಿಯ ಪಟ್ಟಿಗಳು ಕೈಗೆ ಸಿಗುತ್ತವೆ. ಒಳಗೆ ಉಕ್ಕಿನ ಕಂಬಿ, ಅಂದರೆ ಸ್ಟಡ್ ನಿಂತಿರುವುದು ಸರಿಯಾಗಿ ಅಲ್ಲೇ.

ಗ್ಲಾಸ್ ವೂಲ್ ಕೆಟ್ಟದ್ದಲ್ಲ, ತುಂಬಿದವರು ಮೋಸ ಮಾಡಿರಬೇಕೆಂದೂ ಇಲ್ಲ. ಅದನ್ನು ಇಟ್ಟಿರುವ ಜಾಗದಲ್ಲಿ ಅದಕ್ಕೆ ಅರ್ಧ ಕೆಲಸ ಮಾತ್ರ ಮಾಡಲು ಸಾಧ್ಯ. ಇಂಥ ಮನೆಗಳನ್ನು ಬಹಳ ಕಾಲದಿಂದ ಕಟ್ಟುತ್ತಿರುವ ದೇಶಗಳು ಇದನ್ನು ನಿಯಮದಲ್ಲೇ ಬರೆದಿಟ್ಟಿವೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಸ್ಟಡ್ಡಿಗೂ ಹೊರ ಹೊದಿಕೆಗೂ ನಡುವೆ ಶಾಖ ತಡೆಯುವ ಪದರವೊಂದು ಇರಲೇಬೇಕು. ನಮ್ಮಲ್ಲಿ ಕೊಟೇಶನ್ನುಗಳಲ್ಲಿ ಆ ಸಾಲೇ ಇರುವುದಿಲ್ಲ.

ಒಂದು ಮಿಲಿಮೀಟರ್ ತಗಡು ಇಷ್ಟೆಲ್ಲ ಮಾಡುತ್ತದೆಯೇ?

ಸ್ಟಡ್ ಎಂದರೆ ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದ, ಇಂಗ್ಲಿಷಿನ ‘C’ ಆಕಾರಕ್ಕೆ ಮಡಚಿದ ಜಿಐ ತಗಡು. ಗೋಡೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ 400 ಮಿ.ಮೀ. ಅಗಲದಲ್ಲಿ ಉಕ್ಕು ಆಕ್ರಮಿಸುವುದು ಒಂದೇ ಮಿಲಿಮೀಟರ್. ಉಳಿದ 399 ಗ್ಲಾಸ್ ವೂಲ್. ಇಷ್ಟು ಸಣ್ಣ ಪಾಲಿನಿಂದ ಏನಾದೀತು ಎನ್ನಿಸುವುದು ಸಹಜ.

ಆದರೆ ಶಾಖವನ್ನು ಸಾಗಿಸುವುದರಲ್ಲಿ ಉಕ್ಕಿಗೂ ಗ್ಲಾಸ್ ವೂಲಿಗೂ ಇರುವ ಅಂತರ ಸುಮಾರು 1,300 ಪಟ್ಟು. ಉಕ್ಕಿನ ಶಾಖವಾಹಕತೆಯ ಅಂಕಿ 50ರ ಆಸುಪಾಸು, ಗ್ಲಾಸ್ ವೂಲಿನದು 0.038. ಹಾಗಾಗಿ ನಾನೂರರಲ್ಲಿ ಒಂದು ಪಾಲು ಉಕ್ಕಿದ್ದರೂ ಅದು ಉಳಿದ ಗ್ಲಾಸ್ ವೂಲಿನ ಮೂರು ಪಟ್ಟು ಶಾಖವನ್ನು ಹೊತ್ತು ತರಬಲ್ಲದು. ನಿಜವಾದ ಗೋಡೆಯಲ್ಲಿ ಅಷ್ಟು ಬರುವುದಿಲ್ಲ, ಏಕೆಂದರೆ ಹೊರಗಿನ ಬೋರ್ಡಿನ ಶಾಖ ಮೊದಲು ಸ್ಟಡ್ಡಿನ ತನಕ ಸರಿದು ಬರಬೇಕು. ಆ ಕೆಲಸಕ್ಕೆ ಸ್ಟಡ್ಡಿನ ಮಡಚಿದ ಅಂಚು ಅನುಕೂಲ ಮಾಡಿಕೊಡುತ್ತದೆ. 40 ಮಿ.ಮೀ. ಅಗಲದ ಆ ಅಂಚು ಹೊರ ಬೋರ್ಡಿಗೆ ಅಂಟಿಕೊಂಡು ಸುತ್ತಲಿನ ಶಾಖವನ್ನು ಹೀರುತ್ತದೆ, ನಡುವಿನ ತಗಡು ಅದನ್ನು ಗ್ಲಾಸ್ ವೂಲಿನ ಮಧ್ಯದಿಂದ ದಾಟಿಸುತ್ತದೆ, ಒಳಗಿನ ಅಂಚು ಜಿಪ್ಸಮ್ ಬೋರ್ಡಿನ ಮೇಲೆ ಹರಡುತ್ತದೆ. ಈ ಅಡ್ಡದಾರಿಗೆ ಶಾಖಸೇತುವೆ ಎನ್ನುತ್ತಾರೆ. ತೂತು ಬಿದ್ದ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿದ ಹಾಗೆ ಇದು: ಬಟ್ಟೆ ಎಷ್ಟು ದಪ್ಪವಿದ್ದರೂ ಬೆರಳು ಸುಡುವುದು ತೂತಿನ ಜಾಗದಲ್ಲಿ.

ಮರದ ಚೌಕಟ್ಟಿನ ಮನೆಯಲ್ಲಿ ಈ ಸಮಸ್ಯೆ ಇಷ್ಟು ತೀವ್ರವಲ್ಲ. ಮರದ ಅಂಕಿ 0.12ರ ಸುಮಾರು, ಅಂದರೆ ಉಕ್ಕಿನ ನಾನೂರನೇ ಒಂದು ಭಾಗ. ಅಮೆರಿಕದ ಮರದ ಮನೆಗಳ ಗೋಡೆಯನ್ನು ಹಾಗೇ ನಕಲು ಮಾಡಿ ಮರದ ಬದಲು ತಗಡು ನಿಲ್ಲಿಸಿದರೆ ಬರುವ ಫಲ ಬೇರೆಯೇ.

ಒಂದು ಗೋಡೆಯ ಲೆಕ್ಕ

ಕಲಬುರಗಿಯಲ್ಲೊಂದು ಮನೆ, ಅದರ ಪಶ್ಚಿಮದ ಗೋಡೆ 4 ಮೀಟರ್ ಉದ್ದ, 3 ಮೀಟರ್ ಎತ್ತರ, ಕಿಟಕಿ ಇಲ್ಲ ಎಂದಿಟ್ಟುಕೊಳ್ಳಿ. ಮೇ ತಿಂಗಳ ಸಂಜೆ ಬಿಸಿಲು ನೇರ ಬಿದ್ದು ಗೋಡೆಯ ಹೊರಮೈ 56 ಡಿಗ್ರಿಗೆ ಕಾದಿದೆ, ಒಳಗೆ ಎಸಿ 26 ಡಿಗ್ರಿಯಲ್ಲಿದೆ. ಅಂತರ 30 ಡಿಗ್ರಿ.

ಶಾಖವನ್ನು ಗೋಡೆ ಎಷ್ಟು ತಡೆಯುತ್ತದೆ ಎಂಬುದಕ್ಕೆ ಆರ್ ಮೌಲ್ಯ ಎಂಬ ಅಳತೆ ಇದೆ, ಹೆಚ್ಚಿದ್ದಷ್ಟೂ ಒಳ್ಳೆಯದು. 90 ಮಿ.ಮೀ. ಸ್ಟಡ್ಡಿನ ನಡುವೆ ತುಂಬುವ ಗ್ಲಾಸ್ ವೂಲಿನ ಪ್ಯಾಕೆಟ್ಟಿನ ಮೇಲೆ ಅದು 2.29 ಎಂದಿರುತ್ತದೆ (ಅಮೆರಿಕದ ಅಳತೆಯಲ್ಲಿ ಇದು ಆರ್-13). ಜಿಪ್ಸಮ್, ಸಿಮೆಂಟ್ ಬೋರ್ಡ್ ಮತ್ತು ಒಳಮೈಯ ಗಾಳಿಪದರಕ್ಕೆ 0.23 ಸೇರಿಸಿದರೆ 2.52. ಗುತ್ತಿಗೆದಾರರು ಹೇಳುವುದು ಈ ಲೆಕ್ಕವನ್ನು. ಇದರಂತೆ 12 ಚದರ ಮೀಟರ್ ಗೋಡೆಯಿಂದ ಒಳಬರಬೇಕಾದ ಶಾಖ 143 ವಾಟ್.

ಆದರೆ ಸ್ಟಡ್‌ಗಳು 400 ಮಿ.ಮೀ. ಅಂತರದಲ್ಲಿದ್ದರೆ ಆ ಆರ್-13 ಗ್ಲಾಸ್ ವೂಲ್ ನಿಜವಾಗಿ ಕೊಡುವುದು ಆರ್-6ರಷ್ಟನ್ನೇ. ಅಮೆರಿಕದ ಆಶ್ರೇ 90.1 ಮಾನದಂಡದ ಕೋಷ್ಟಕದಲ್ಲಿ ಇರುವ ಅಂಕಿ ಇದು. ನಮ್ಮ ಅಳತೆಯಲ್ಲಿ 1.06. ಉಳಿದ ಪದರ ಸೇರಿ 1.29. ಆಗ ಒಳಬರುವ ಶಾಖ 279 ವಾಟ್, ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು.

ಇಲ್ಲಿ ಬಹುಪಾಲು ಜನ ಯೋಚಿಸುವ ಪರಿಹಾರ, ಗೋಡೆಯನ್ನು ಇನ್ನಷ್ಟು ದಪ್ಪ ಮಾಡುವುದು. 150 ಮಿ.ಮೀ. ಸ್ಟಡ್ ಹಾಕಿ, ಅದರ ತುಂಬ ಆರ್-19 ಗ್ಲಾಸ್ ವೂಲ್ ತುಂಬಿದರೆ? ಅದೇ ಕೋಷ್ಟಕದ ಪ್ರಕಾರ ಆರ್-19 ಇಳಿಯುವುದು 7.1ಕ್ಕೆ. ಒಳಬರುವ ಶಾಖ 243 ವಾಟ್. ಉಕ್ಕಿಗೂ ಗ್ಲಾಸ್ ವೂಲಿಗೂ ಹೆಚ್ಚು ಹಣ ಕೊಟ್ಟು, ಕೋಣೆಯ ಅಗಲವನ್ನೂ ಕಳೆದುಕೊಂಡು ಉಳಿಸಿದ್ದು 36 ವಾಟ್. ಗ್ಲಾಸ್ ವೂಲ್ ದಪ್ಪವಾದಷ್ಟೂ ಸೇತುವೆಯ ಪಾಲು ದೊಡ್ಡದಾಗುತ್ತ ಹೋಗುವುದರಿಂದ ಹೀಗಾಗುತ್ತದೆ.

ಬದಲಿಗೆ 90 ಮಿ.ಮೀ. ಗೋಡೆಯನ್ನೇ ಉಳಿಸಿಕೊಂಡು, ಅದರ ಹೊರಮೈಗೆ ಒಂದೂ ಎಡೆ ಬಿಡದಂತೆ 50 ಮಿ.ಮೀ. ದಪ್ಪದ ಥರ್ಮಾಕೋಲ್ ಹಾಳೆ ಹೊದಿಸಿ. ಅದರ ಆರ್ ಮೌಲ್ಯ ಸುಮಾರು 1.39. ಇದು ಸ್ಟಡ್ಡಿನ ಹೊರಗಿರುವುದರಿಂದ ಸ್ಟಡ್ಡಿಗೆ ಬರುವ ಶಾಖವೂ ಮೊದಲು ಇದನ್ನು ದಾಟಿಯೇ ಬರಬೇಕು, ಅಡ್ಡದಾರಿಯ ಬಾಯಿಯೇ ಮುಚ್ಚಿತು. ಆದ್ದರಿಂದ ಈ 1.39 ಬಹುಪಾಲು ಇಡಿಯಾಗಿ ಲೆಕ್ಕಕ್ಕೆ ಬರುತ್ತದೆ: ಒಟ್ಟು 2.68, ಒಳಬರುವ ಶಾಖ 134 ವಾಟ್. ಹಾಳೆಯನ್ನು ಹಿಡಿದಿಡುವ ಉದ್ದನೆಯ ಸ್ಕ್ರೂಗಳೂ ಸಣ್ಣ ಸೇತುವೆಗಳೇ. ಅವುಗಳಿಗೆಂದು ಹತ್ತನೆಯ ಒಂದು ಭಾಗ ಕಳೆದರೂ 142 ವಾಟ್ ಆಗುತ್ತದೆ. ಅಂದರೆ ಗುತ್ತಿಗೆದಾರರು ಕಾಗದದ ಮೇಲೆ ಕೊಟ್ಟ ಮಾತಿಗೆ ಗೋಡೆ ಆಗ ಸರಿಹೋಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಒಂದು ಟನ್ನಿನ ಎಸಿ ಹೊರಹಾಕುವ ಶಾಖ ಸುಮಾರು 3,500 ವಾಟ್. ಒಂದು ಗೋಡೆಯಲ್ಲಿ ಉಳಿತಾಯವಾದ 137 ವಾಟ್ ಅದರ ಮುಂದೆ ದೊಡ್ಡದಲ್ಲ. ಮನೆಯ ಎಲ್ಲ ಹೊರಗೋಡೆ ಸೇರಿದಾಗ, ದಿನಕ್ಕೆ ಹತ್ತು ಗಂಟೆ ಎಸಿ ಓಡುವ ಊರಿನಲ್ಲಿ ಅದು ಎಣಿಸುವಂಥದ್ದಾಗುತ್ತದೆ. ಮೈಗೆ ತಿಳಿಯುವ ವ್ಯತ್ಯಾಸ ಮಾತ್ರ ಮೊದಲ ಸಂಜೆಯೇ ಗೊತ್ತಾಗುತ್ತದೆ, ಏಕೆಂದರೆ ಗೋಡೆಯ ಬಿಸಿ ಪಟ್ಟಿಗಳು ಮಾಯವಾಗಿರುತ್ತವೆ.

ಗೋಡೆಗಿಂತ ಮೊದಲು ಚಾವಣಿ

ಹೊದಿಕೆಗೆ ಹಣ ಹಾಕುವ ಮುನ್ನ ತಲೆಯ ಮೇಲೆ ನೋಡಿ. ಮೇಲಿರುವುದು ಬರೀ ತಗಡಿನ ಶೀಟ್ ಮತ್ತು ಜಿಪ್ಸಮ್ ಸೀಲಿಂಗ್ ಆಗಿದ್ದರೆ ಗೋಡೆಯ ಮಾತು ಆಮೇಲೆ. ನಡುಹಗಲಿನ ಸೂರ್ಯ ಚಾವಣಿಯ ಮೇಲೇ ನೇರ ನಿಲ್ಲುತ್ತಾನೆ, ಅಲ್ಲಿಂದ ಬರುವ ಶಾಖದ ಮುಂದೆ ಮೇಲಿನ ಲೆಕ್ಕವೆಲ್ಲ ಚಿಲ್ಲರೆ. ಮನೆಗಳ ಇಂಧನ ಉಳಿತಾಯಕ್ಕಾಗಿ 2018ರಲ್ಲಿ ಕೇಂದ್ರ ಸರ್ಕಾರ ತಂದ ಇಕೋ ನಿವಾಸ್ ಸಂಹಿತೆ ಚಾವಣಿಗೆ ಪ್ರತ್ಯೇಕ ಮಿತಿ ಇಟ್ಟಿರುವುದೂ ಇದಕ್ಕೇ. ಚಾವಣಿಯಲ್ಲೂ ತತ್ವ ಒಂದೇ: ಉಕ್ಕಿನ ಪರ್ಲಿನ್‌ಗಳ ನಡುವೆ ತುರುಕುವುದಕ್ಕಿಂತ ಅವುಗಳ ಮೇಲೆ ಅಖಂಡವಾಗಿ ಹಾಸುವುದು ಲೇಸು.

ಬೆಂಗಳೂರು, ಮೈಸೂರಿನಂಥ ಊರಿನಲ್ಲಿ ಎಸಿ ಇಲ್ಲದೆ ಇರುವವರಿಗೆ ನನ್ನ ಸಲಹೆ ಬೇರೆ. ಚಾವಣಿಗೆ ಒಳ್ಳೆಯ ಹೊದಿಕೆ, ಪಶ್ಚಿಮದ ಗೋಡೆಗೆ ನೆರಳು, ಹೊರಗೆ ತಿಳಿಬಣ್ಣ, ರಾತ್ರಿ ಗಾಳಿಯಾಡುವ ಕಿಟಕಿ. ಇಷ್ಟಾದ ಮೇಲೆ ಗೋಡೆಗೆ 25 ಮಿ.ಮೀ. ಹೊರಹೊದಿಕೆ ಸಾಕು. ಇಟ್ಟಿಗೆ ಗೋಡೆ ಹಗಲಿನ ಬಿಸಿಯನ್ನು ತನ್ನಲ್ಲಿ ಇರಿಸಿಕೊಂಡು ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತದೆ. ಹಗುರ ಉಕ್ಕಿನ ಗೋಡೆಗೆ ಆ ಗುಣ ಇಲ್ಲ, ಹೊದಿಕೆ ಹಾಕಿದರೂ ಬರುವುದಿಲ್ಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆಗಿಂತ ಇದರ ಆರ್ ಮೌಲ್ಯ ಹೆಚ್ಚೇ ಇದ್ದರೂ ಸಂಜೆ ಇದು ಬೇಗ ಬಿಸಿಯಾದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಯಾವ ಹಾಳೆ?

ಹೊರಹೊದಿಕೆಗೆ ನಮ್ಮಲ್ಲಿ ಸುಲಭವಾಗಿ ಸಿಗುವವು ಮೂರು. ಥರ್ಮಾಕೋಲ್ ಅಗ್ಗ, ಹಗುರ. ಆದರೆ ಪ್ಯಾಕಿಂಗಿಗೆ ಬಳಸುವ ತೆಳು ಸಾಂದ್ರತೆಯದು ಬೇಡ, ಘನ ಮೀಟರಿಗೆ ಕನಿಷ್ಠ 20 ಕಿಲೋ ಇರುವುದನ್ನು ಕೇಳಿ. ಎಕ್ಸ್‌ಪಿಎಸ್ ಎಂಬ ಬಣ್ಣದ ಗಟ್ಟಿ ಹಾಳೆ ನೀರು ಹೀರುವುದು ಕಡಿಮೆ, ಅದೇ ದಪ್ಪಕ್ಕೆ ಸ್ವಲ್ಪ ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಮೂರನೆಯದು ರಾಕ್ ವೂಲಿನ ಗಟ್ಟಿ ಹಲಗೆ, ಇದಕ್ಕೆ ಬೆಂಕಿ ಹತ್ತುವುದಿಲ್ಲ.

ಬೆಂಕಿಯ ವಿಷಯವನ್ನು ಲಘುವಾಗಿ ನೋಡಬೇಡಿ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತದ್ದು ಹೊರಗೋಡೆಗೆ ಹಾಕಿದ್ದ, ಉರಿಯುವ ಹೊದಿಕೆಯ ಮೂಲಕ ಬೆಂಕಿ ಮೇಲೇರಿದ್ದರಿಂದ. ಪಕ್ಕದ ಮನೆಗೆ ಗೋಡೆ ತಾಗುವಷ್ಟು ಹತ್ತಿರವಿದ್ದರೆ, ಎರಡು ಮೂರು ಅಂತಸ್ತಿದ್ದರೆ, ಅಡುಗೆಮನೆಯ ಹೊರಗೆ ಗ್ಯಾಸ್ ಸಿಲಿಂಡರ್ ಇದ್ದರೆ ನಾನು ಆರಿಸುವುದು ರಾಕ್ ವೂಲ್. ತೋಟದ ಒಂಟಿ ಮನೆಗೆ ಥರ್ಮಾಕೋಲ್ ನಡೆದೀತು, ಅದನ್ನೂ ಸಿಮೆಂಟ್ ಬೋರ್ಡಿನಿಂದ ಪೂರ್ತಿ ಮುಚ್ಚಬೇಕು.

ಹೊದಿಸುವ ಕ್ರಮ

ಒಳಗಿನಿಂದ ಹೊರಕ್ಕೆ ಪದರಗಳು ಹೀಗೆ ಬರುತ್ತವೆ: ಜಿಪ್ಸಮ್ ಬೋರ್ಡ್, ಸ್ಟಡ್ ಮತ್ತು ಗ್ಲಾಸ್ ವೂಲ್, ಮೊದಲ ಸಿಮೆಂಟ್ ಬೋರ್ಡ್, ನೀರು-ಗಾಳಿ ತಡೆಯುವ ಹಾಳೆ, ಹೊರಹೊದಿಕೆ, ನಿಲುವಿನ ರೀಪರ್, ಕೊನೆಗೆ ಕಣ್ಣಿಗೆ ಕಾಣುವ ಹೊರ ಬೋರ್ಡ್.

1. ಮೊದಲ ಸಿಮೆಂಟ್ ಬೋರ್ಡ್ ಹೊಡೆದ ಕೂಡಲೇ ಪ್ರತಿ ಸ್ಟಡ್ಡಿನ ನಡುಗೆರೆಯನ್ನು ಚಾಕ್ ದಾರದಿಂದ ಮೇಲಿನಿಂದ ಕೆಳಗಿನ ತನಕ ಗುರುತು ಮಾಡಿಸಿ, ಪ್ಲಿಂತಿನ ಮೇಲೂ ಗುರುತು ಇರಲಿ. ಮುಂದೆ ಹೊದಿಕೆ ಬಂದ ಮೇಲೆ ಸ್ಟಡ್ ಎಲ್ಲಿದೆಯೆಂದು ಕಾಣುವುದಿಲ್ಲ, ಸ್ಟಡ್ಡಿಗೆ ಸಿಗದ ಸ್ಕ್ರೂ ಭಾರ ಹೊರುವುದಿಲ್ಲ.

2. ಬೋರ್ಡಿನ ಮೇಲೆ ನೀರು-ಗಾಳಿ ತಡೆಯುವ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಮೇಲಿನ ಸುತ್ತು ಕೆಳಗಿನದರ ಮೇಲೆ 150 ಮಿ.ಮೀ. ಇಳಿಬಿದ್ದಿರಬೇಕು, ಹಂಚು ಹೊದಿಸುವ ಕ್ರಮದಲ್ಲೇ. ಎಲ್ಲ ಸೇರುವೆಗೂ ಟೇಪ್ ಹಚ್ಚಿ. ಪೈಪ್, ವೈರ್ ಹೊರಬರುವ ತೂತುಗಳನ್ನು ಈಗಲೇ ಮುಚ್ಚಿ, ಆಮೇಲೆ ಯಾರ ಕೈಗೂ ಸಿಗುವುದಿಲ್ಲ.

3. ಕಿಟಕಿಯ ಸುತ್ತ ಹೊದಿಕೆ ಮತ್ತು ರೀಪರಿನ ಒಟ್ಟು ದಪ್ಪಕ್ಕೆ, ಸುಮಾರು 70 ಮಿ.ಮೀ., ಮರದ ಅಥವಾ ಸಿಮೆಂಟ್ ಬೋರ್ಡಿನ ಚೌಕ ಕಟ್ಟಿ. ಉಕ್ಕಿನ ಚಾನೆಲ್ಲಿನಿಂದ ಕಟ್ಟಿದರೆ ಹೊಸ ಸೇತುವೆ ಕಟ್ಟಿದಂತೆ. ಕೆಳಗಿನ ಹಲಗೆ ಹೊರಕ್ಕೆ ಇಳಿಜಾರಿರಲಿ.

4. 50 ಮಿ.ಮೀ. ದಪ್ಪ ಬೇಕಿದ್ದರೆ 25ರ ಎರಡು ಪದರ ಹಾಕಿಸಿ, ಒಂದು ಪದರದ ಸೇರುವೆಯ ಮೇಲೆ ಇನ್ನೊಂದರ ಹಾಳೆ ಬರುವಂತೆ. ಒಂದೇ ದಪ್ಪ ಹಾಳೆಯಾದರೆ ಸೇರುವೆಗಳಿಗೆ ಟೇಪ್ ಕಡ್ಡಾಯ. ಹಾಳೆಗಳ ನಡುವೆ ಬೆರಳು ತೂರುವ ಸಂದು ಉಳಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ.

5. ಕೆಳಗಡೆ ಹೊದಿಕೆ ಚೌಕಟ್ಟಿನ ತಳದ ಚಾನೆಲ್ ದಾಟಿ, ಕಾಂಕ್ರೀಟಿನ ಅಂಚಿನ ಮೇಲೂ ಸ್ವಲ್ಪ ಇಳಿಯಬೇಕು. ಆದರೆ ಮಣ್ಣಿಗೆ ತಾಗಬಾರದು, ನೆಲದಿಂದ ಕನಿಷ್ಠ 150 ಮಿ.ಮೀ. ಮೇಲೆ ನಿಲ್ಲಿಸಿ. ಥರ್ಮಾಕೋಲಿನೊಳಗೆ ಗೆದ್ದಲು ದಾರಿ ಮಾಡಿಕೊಂಡು ಹೋಗುವುದು ಹೊರಗೆ ಕಾಣುವುದಿಲ್ಲ. ಮೇಲ್ಗಡೆ ಗೋಡೆಯ ಹೊದಿಕೆ ಚಾವಣಿಯ ಹೊದಿಕೆಯನ್ನು ಮುಟ್ಟಬೇಕು.

6. ಹೊದಿಕೆಯ ಮೇಲೆ ಸ್ಟಡ್ ಗೆರೆಯಲ್ಲಿ ನಿಲುವಿಗೆ 20 ಮಿ.ಮೀ. ರೀಪರ್ ಇಟ್ಟು, ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂವಿನಿಂದ ನೇರ ಸ್ಟಡ್ಡಿಗೆ ಬಿಗಿಯಿರಿ. ರೀಪರ್ 20, ಹೊದಿಕೆ 50, ಬೋರ್ಡ್ 10, ಅದರಾಚೆ ತಗಡಿನೊಳಗೆ ಕನಿಷ್ಠ ಮೂರು ಸುತ್ತು ಹಲ್ಲು ಹಿಡಿಯಬೇಕು. ಹಾಗಾಗಿ 100 ಮಿ.ಮೀ. ಉದ್ದದ ಸ್ಕ್ರೂ ಬೇಕಾಗುತ್ತದೆ. ಎಷ್ಟು ಅಂತರಕ್ಕೊಂದು ಎಂಬುದನ್ನು ಹೊರ ಬೋರ್ಡಿನ ತೂಕ ಮತ್ತು ನಿಮ್ಮೂರಿನ ಗಾಳಿಯ ಹೊಡೆತ ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಲಿ. ಫಿಟ್ಟರಿನ ಅಂದಾಜಿಗೆ ಬಿಡುವ ವಿಷಯ ಅಲ್ಲ ಇದು.

7. ರೀಪರಿನ ಮೇಲೆ ಹೊರ ಬೋರ್ಡ್. ಹಿಂದೆ ಉಳಿಯುವ 20 ಮಿ.ಮೀ. ಖಾಲಿ ಜಾಗದಲ್ಲಿ ಮಳೆನೀರು ಇಳಿದು ಹೋಗುತ್ತದೆ, ಬಿಸಿ ಗಾಳಿ ಮೇಲೇರುತ್ತದೆ. ಕೆಳಬಾಯಿ ಮತ್ತು ಮೇಲ್ಬಾಯಿ ತೆರೆದಿದ್ದು, ಇಲಿ ನುಗ್ಗದಂತೆ ಜಿಐ ಜಾಲರಿ ಹಾಕಿರಬೇಕು. ಎರಡು ಅಂತಸ್ತಿನ ಮನೆಯಾದರೆ ಪ್ರತಿ ಅಂತಸ್ತಿನಲ್ಲಿ ಈ ಖಾಲಿ ಜಾಗಕ್ಕೆ ಬೆಂಕಿ ದಾಟದ ತಡೆ ಬೇಕು, ಇಲ್ಲದಿದ್ದರೆ ಅದೇ ಹೊಗೆಗೊಳವೆಯಂತೆ ಕೆಲಸ ಮಾಡೀತು.

ಈಗಾಗಲೇ ಕಟ್ಟಿರುವ ಮನೆಗೂ ಇದೇ ಕ್ರಮ ಆಗುತ್ತದೆ. ಇರುವ ಹೊರ ಬೋರ್ಡ್ ಗಟ್ಟಿಯಾಗಿದ್ದರೆ ಅದನ್ನೇ ‘ಮೊದಲ ಬೋರ್ಡ್’ ಎಂದು ಇಟ್ಟುಕೊಂಡು ಮುಂದಿನ ಪದರ ಹಾಕಬಹುದು, ಒಳಗಿನ ಸಾಮಾನು ಸರಿಸುವುದೂ ಬೇಡ. ಆದರೆ ಒಂದೆರಡು ಕಡೆ, ಮುಖ್ಯವಾಗಿ ಕಿಟಕಿಯ ಕೆಳಮೂಲೆಗಳಲ್ಲಿ, ಬೋರ್ಡ್ ಬಿಚ್ಚಿ ನೋಡಿ. ಒಳಗಿನ ಗ್ಲಾಸ್ ವೂಲ್ ಒದ್ದೆಯಾಗಿದ್ದರೆ, ತಗಡಿನ ಮೇಲೆ ಬಿಳಿಪುಡಿಯೋ ಕೆಂಪು ತುಕ್ಕೋ ಕಂಡರೆ ಮೊದಲು ನೀರಿನ ದಾರಿ ಹುಡುಕಿ. ಒದ್ದೆ ಗೋಡೆಗೆ ಹೊದಿಕೆ ಹಾಕಿದರೆ ತೇವವನ್ನು ಒಳಗೆ ಕೂಡಿಹಾಕಿದಂತಾಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಅಪಾಯ

ಮಂಗಳೂರು, ಉಡುಪಿ, ಕಾರವಾರದ ಕಡೆ ಶಾಖಕ್ಕಿಂತ ತೇವ ದೊಡ್ಡ ಶತ್ರು. ಹೊರಗೆ 30 ಡಿಗ್ರಿ ಬಿಸಿಯೂ ಶೇಕಡಾ 80 ತೇವಾಂಶವೂ ಇರುವ ಗಾಳಿ 26 ಡಿಗ್ರಿಯ ವಸ್ತುವನ್ನು ಮುಟ್ಟಿದರೆ ಸಾಕು, ಅಲ್ಲಿ ನೀರು ಕಟ್ಟುತ್ತದೆ. ಎಸಿಯನ್ನು 23-24ರಲ್ಲಿ ಓಡಿಸುವ ಕೋಣೆಯ ಸ್ಟಡ್‌ಗಳು ಆ 26 ಡಿಗ್ರಿಗಿಂತ ತಣ್ಣಗಿರಬಹುದು. ಹೊರಗಿನ ಗಾಳಿ ಯಾವುದೋ ಸಂದಿನಿಂದ ಗೋಡೆಯೊಳಗೆ ನುಸುಳಿದರೆ ತಗಡು ಬೆವರುತ್ತದೆ, ಗ್ಲಾಸ್ ವೂಲ್ ನೆನೆಯುತ್ತದೆ, ಜಿಪ್ಸಮ್ ಬೋರ್ಡಿನ ಹಿಂಬದಿ ಕಪ್ಪು ಬೂಷ್ಟು ಹಿಡಿಯುತ್ತದೆ. ಕೋಣೆಯಲ್ಲಿ ಮುಗ್ಗಲು ವಾಸನೆ ಬರುವ ಹೊತ್ತಿಗೆ ಒಳಗೆ ಸಾಕಷ್ಟು ಹಾಳಾಗಿರುತ್ತದೆ.

ಗಮನಿಸಿ, ಹೊರಹೊದಿಕೆ ಒಂದೇ ಇದನ್ನು ತಡೆಯುವುದಿಲ್ಲ. ಅದು ಸ್ಟಡ್ಡನ್ನು ಕೋಣೆಯಷ್ಟೇ ತಣ್ಣಗೆ ಇಡುವುದರಿಂದ ನುಸುಳಿ ಬಂದ ತೇವಗಾಳಿಗೆ ನೀರು ಕಟ್ಟಲು ಜಾಗ ಇನ್ನೂ ಹೆಚ್ಚಾಗುತ್ತದೆ. ಇಲ್ಲಿ ಕಾಯುವುದು ಎರಡನೆಯ ಹಂತದ ಆ ನೀರು-ಗಾಳಿ ಹಾಳೆ. ಅದು ಸ್ಟಡ್ಡಿನ ಹೊರಗೆ, ಹೊದಿಕೆಯ ಒಳಗೆ, ಬಿರುಕಿಲ್ಲದೆ ಇರಬೇಕು. ಕರಾವಳಿಯಲ್ಲಿ ಆವಿಯನ್ನೂ ತಡೆಯುವ ಅಂಟುಹಾಳೆಯನ್ನೇ ಅಲ್ಲಿ ಹಾಕಿಸಿ. ಗೋಡೆಯ ಒಳಮುಖ ಮಾತ್ರ ಉಸಿರಾಡುವಂತಿರಲಿ: ಜಿಪ್ಸಮ್ ಹಿಂದೆ ಪ್ಲಾಸ್ಟಿಕ್ ಹಾಳೆ ಬೇಡ, ಮೇಲೆ ವಿನೈಲ್ ವಾಲ್‌ಪೇಪರ್ ಬೇಡ, ಎಣ್ಣೆ ಬಣ್ಣ ಬೇಡ. ಸ್ಕ್ರೂಗಳು ಸ್ಟೇನ್‌ಲೆಸ್ ಆಗಿರಲಿ. ಉಪ್ಪುಗಾಳಿಗೂ ಒಳ್ಳೆಯದು, ಸಾಮಾನ್ಯ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಶಾಖವನ್ನು ಅದು ಸಾಗಿಸುತ್ತದೆ ಎಂಬ ಲಾಭವೂ ಇದೆ.

ಹಿಮ ಬೀಳುವ ಊರುಗಳಲ್ಲಿ, ಟೊರಾಂಟೊದಲ್ಲೋ ಮಿನೆಸೋಟದಲ್ಲೋ ಇರುವ ನಿಮ್ಮ ಮಕ್ಕಳಿಗೆ ಈ ಪ್ಲಾಸ್ಟಿಕ್ ಹಾಳೆಯ ಸಲಹೆ ಅನ್ವಯಿಸುವುದಿಲ್ಲ. ಅಲ್ಲಿ ಆವಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ತಡೆಯ ಜಾಗವೂ ಬದಲಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ಹೊರ ಬೋರ್ಡನ್ನು ಹಿಡಿಯಲು ಜಿಐ ಚಾನೆಲ್ಲನ್ನು ಮೊದಲು ನೇರವಾಗಿ ಸ್ಟಡ್ಡಿಗೆ ಬಿಗಿದು, ಚಾನೆಲ್‌ಗಳ ನಡುವೆ ಹೊದಿಕೆ ತುಂಬುವುದು. ಫಿಟ್ಟರುಗಳಿಗೆ ಇದು ಸುಲಭ, ನೋಡಲು ಅಚ್ಚುಕಟ್ಟು. ಆದರೆ 50 ಮಿ.ಮೀ. ಹೊದಿಕೆಯನ್ನು ಪ್ರತಿ ಎರಡಡಿಗೆ ತಗಡೊಂದು ಸೀಳಿಕೊಂಡು ಹೋದರೆ ಹೊದಿಕೆಯ ಪ್ರಯೋಜನದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಬಹುದು. ನೀವು ಯಾವ ರೋಗಕ್ಕೆ ಔಷಧಿ ಕೊಂಡಿರೋ ಅದನ್ನೇ ಇನ್ನೊಂದು ಪದರದಲ್ಲಿ ಕಟ್ಟಿಸಿಕೊಂಡಂತೆ. ಹೊದಿಕೆಯನ್ನು ದಾಟಬೇಕಾದದ್ದು ಸ್ಕ್ರೂ ಮಾತ್ರ. ಚಾನೆಲ್ ಬೇಕೇ ಬೇಕೆಂದರೆ ಅದು ಹೊದಿಕೆಯ ಮೇಲೆ ಕೂರಲಿ.

ಎರಡನೆಯದು ಬೆಳ್ಳಿಬಣ್ಣದ ಫಾಯಿಲ್ ಹಾಳೆಯೊಂದನ್ನೇ ಹೊರಹೊದಿಕೆ ಎಂದು ಮಾರುವುದು. ಫಾಯಿಲಿನ ಎದುರು ಖಾಲಿ ಗಾಳಿಯ ಜಾಗ ಇದ್ದರಷ್ಟೇ ಅದು ಶಾಖವನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಬೋರ್ಡುಗಳ ನಡುವೆ ಒತ್ತಿ ಕೂರಿಸಿದರೆ ಅದು ಬರೀ ತೆಳು ಅಲ್ಯೂಮಿನಿಯಂ, ಅದರಿಂದ ಉಪಯೋಗವಿಲ್ಲ.

ಸಜ್ಜಾ ಮತ್ತು ಬಾಲ್ಕನಿಯನ್ನು ಹೆಚ್ಚಿನವರು ಮರೆಯುತ್ತಾರೆ. ಒಳಗಿನ ಉಕ್ಕಿನ ಜಾಯಿಸ್ಟನ್ನೇ ಹೊರಕ್ಕೆ ಚಾಚಿ ಸಜ್ಜಾ ಮಾಡಿದ್ದರೆ ಬಿಸಿಲಲ್ಲಿ ಕಾದ ಆ ಕಂಬಿ ಶಾಖವನ್ನು ನೇರ ಕೋಣೆಯ ನಡುವಿಗೆ ತರುತ್ತದೆ. ಹೊಸದಾಗಿ ಕಟ್ಟುವವರು ಸಜ್ಜಾವನ್ನು ಹೊದಿಕೆಯ ಹೊರಗೆ, ಕೆಲವೇ ಬ್ರಾಕೆಟ್ಟುಗಳ ಮೇಲೆ ನಿಲ್ಲಿಸಲು ಹೇಳಿ.

ಇನ್ನು ಅಂಟು. ಪೆಟ್ರೋಲ್ ವಾಸನೆಯ ಮಾಮೂಲಿ ರಬ್ಬರ್ ಅಂಟನ್ನು ಥರ್ಮಾಕೋಲಿಗೆ ಬಳಿದರೆ ಅದು ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ, ಸಿಮೆಂಟ್ ಆಧಾರಿತ ಅಂಟೋ ಥರ್ಮಾಕೋಲಿಗೆಂದೇ ಮಾಡಿದ ಅಂಟೋ ಬೇಕು. ಕಪ್ಪು ಅಥವಾ ಗಾಢ ಬಣ್ಣದ ಹೊರ ಬೋರ್ಡನ್ನು ಖಾಲಿ ಜಾಗ ಬಿಡದೆ ಥರ್ಮಾಕೋಲಿನ ಮೇಲೆ ಒತ್ತಿದರೂ ತೊಂದರೆ, 80 ಡಿಗ್ರಿಯ ಹತ್ತಿರ ಅದು ಮೆತ್ತಗಾಗುತ್ತದೆ.

ಸರಿಯಾಗಿದೆಯೇ ಎಂದು ನೋಡುವುದು ಹೇಗೆ?

ಲೇಸರ್ ಚುಕ್ಕೆಯಿರುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಸಾಕು. ಎಸಿ ಒಂದೆರಡು ಗಂಟೆ ಓಡಿದ ಮೇಲೆ, ಸಂಜೆ ಐದರಿಂದ ಏಳರೊಳಗೆ, ಪಶ್ಚಿಮದ ಗೋಡೆಯ ಒಳಮೈಯನ್ನು ಎದೆಮಟ್ಟದಲ್ಲಿ ಅಂಗೈ ಅಗಲಕ್ಕೊಂದರಂತೆ ಅಳೆಯುತ್ತ ಹೋಗಿ. ಉಪಕರಣವನ್ನು ಗೋಡೆಗೆ ಹತ್ತಿರ ಹಿಡಿಯಿರಿ, ದೂರದಿಂದ ಹಿಡಿದರೆ ಅದು ದೊಡ್ಡ ವೃತ್ತದ ಸರಾಸರಿಯನ್ನು ತೋರಿಸುತ್ತದೆ. ಹೊರಹೊದಿಕೆ ಇಲ್ಲದ ಗೋಡೆಯಲ್ಲಿ ಸ್ಟಡ್ ಇರುವಲ್ಲಿ ಎರಡು ಮೂರು ಡಿಗ್ರಿ ಏರಿ, ನಡುವೆ ಇಳಿದು, ಮತ್ತೆ ಏರುತ್ತದೆ. ಒಳ್ಳೆಯ ಹೊದಿಕೆಯ ಮೇಲೆ ಈ ಏರಿಳಿತ ಸಿಗುವುದೇ ಕಷ್ಟ. ಹೊದಿಕೆ ಹಾಕಿಸಿದ ಮೇಲೂ ಪಟ್ಟಿಗಳು ಹಾಗೇ ಇದ್ದರೆ ನಡುವೆ ಎಲ್ಲೋ ಚಾನೆಲ್ ಸೀಳಿಕೊಂಡು ಹೋಗಿದೆ. ಒಂದೇ ಮೂಲೆಯಲ್ಲಿ ಬಿಸಿಯಿದ್ದರೆ ಅಲ್ಲಿ ಹಾಳೆಗಳ ನಡುವೆ ಸಂದು ಉಳಿದಿದೆ.

ಹೊಸ ಮನೆ ಕಟ್ಟಿಸುವವರು ಇಷ್ಟೆಲ್ಲ ಅಳೆಯುವ ತನಕ ಕಾಯಬೇಕಿಲ್ಲ. ಮುಂಗಡ ಕೊಡುವ ಮೊದಲು ಗೋಡೆಯ ಅಡ್ಡಕೊಯ್ತದ ಚಿತ್ರ ಕೇಳಿ ಪಡೆಯಿರಿ. ಸ್ಟಡ್ಡಿನ ಹೊರಗೆ ಎಷ್ಟು ಮಿಲಿಮೀಟರಿನ ಯಾವ ಹಾಳೆ, ಅದನ್ನು ದಾಟುವುದು ಸ್ಕ್ರೂ ಮಾತ್ರವೋ ಚಾನೆಲ್ಲೋ, ನೀರು-ಗಾಳಿ ಹಾಳೆ ಯಾವ ಪದರದಲ್ಲಿದೆ, ಈ ಮೂರನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಹೊರ ಬೋರ್ಡ್ ಮುಚ್ಚುವ ಹಿಂದಿನ ದಿನ ನೀವೇ ಹೋಗಿ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ.